ಗುಂಗುರು ಗಡ್ಡಕ್ಕೆ ಒಂದು ಮಿಲಿಮೀಟರ್ ರಿಯಾಯಿತಿ

ಕಟಿಂಗ್ ಶಾಪಿನಲ್ಲಿ ಒಂದು ಸುತ್ತು ಶೇವಿಂಗ್ ಮುಗಿದ ಮೇಲೆ ಬರುವ ಪ್ರಶ್ನೆ ಎಲ್ಲರಿಗೂ ಗೊತ್ತು: ‘ಉಲ್ಟಾ ಹೊಡೀಲಾ ಸಾರ್?’ ಹೂಂ ಅಂದರೆ ಮತ್ತೊಮ್ಮೆ ನೊರೆ ಹಚ್ಚಿ, ಎರಡು ಬೆರಳಲ್ಲಿ ಗಲ್ಲದ ಕೆಳಗಿನ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಬ್ಲೇಡು ಆಡಿಸುತ್ತಾರೆ. ನೇರ ಕೂದಲಿನವರು ಕೆನ್ನೆ ಸವರಿಕೊಂಡು ಖುಷಿಯಾಗಿ ಎದ್ದು ಹೋಗುತ್ತಾರೆ. ಗಡ್ಡ ಗುಂಗುರಾಗಿ, ಒರಟಾಗಿ ಇರುವವರೂ ಅಷ್ಟೇ ಖುಷಿಯಾಗಿ ಎದ್ದು ಹೋಗುತ್ತಾರೆ. ಆದರೆ ಮೂರನೆಯ ದಿನದ ಹೊತ್ತಿಗೆ ಕುತ್ತಿಗೆಯ ಮೇಲೆ ಗುಳ್ಳೆಗಳು ಎದ್ದಿರುತ್ತವೆ. ಕಾಲರ್ ತಾಗಿದರೆ ಉರಿ, ಬೆವರಿದರೆ ತುರಿಕೆ. ಒಂದೆರಡರಲ್ಲಿ ಕೀವು. ಗುಳ್ಳೆ ಒಣಗಿದ ಜಾಗದಲ್ಲಿ ಕಪ್ಪು ಕಲೆ.

ಚರ್ಮದ ವೈದ್ಯರ ಹತ್ತಿರ ಬರುವಾಗ ಇವರಲ್ಲಿ ಹೆಚ್ಚಿನವರು ‘ನಂಗೆ ಬ್ಲೇಡ್ ಆಗಿಬರಲ್ಲ ಡಾಕ್ಟ್ರೇ’ ಅನ್ನುತ್ತಾರೆ. ಕೆಲವರು ಅಲರ್ಜಿ ಅನ್ನುತ್ತಾರೆ, ಕೆಲವರು ನಂಜು ಅನ್ನುತ್ತಾರೆ. ಇದು ಅಲರ್ಜಿಯೂ ಅಲ್ಲ, ಬಹುಪಾಲು ನಂಜೂ ಅಲ್ಲ. ಅವರದೇ ಕೂದಲು ಅವರದೇ ಚರ್ಮವನ್ನು ಚುಚ್ಚಿಕೊಂಡು ಒಳಗೆ ಹೋಗಿರುತ್ತದೆ. ಮೈ ಅದನ್ನು ಹೊರಗಿನಿಂದ ಹೊಕ್ಕ ಮುಳ್ಳೆಂದೇ ತಿಳಿದು ಸುತ್ತ ಊದಿಕೊಳ್ಳುತ್ತದೆ. ವೈದ್ಯಭಾಷೆಯಲ್ಲಿ ಇದಕ್ಕೆ ಸ್ಯೂಡೋಫಾಲಿಕ್ಯುಲೈಟಿಸ್ ಬಾರ್ಬೆ ಎಂಬ ಉದ್ದದ ಹೆಸರಿದೆ. ಹೆಸರು ಮರೆತರೂ ನಡೆಯುತ್ತದೆ, ಕೂದಲು ಒಳಗೆ ಹೋಗುವ ದಾರಿ ಮಾತ್ರ ಗೊತ್ತಿರಬೇಕು. ತಪ್ಪಿಸಿಕೊಳ್ಳುವ ಉಪಾಯವೆಲ್ಲ ಆ ದಾರಿಯಲ್ಲೇ ಇದೆ.

ದಾರಿಗಳು ಎರಡು. ಗುಂಗುರು ಕೂದಲಿನ ಬೇರು ಚರ್ಮದೊಳಗೇ ಬಾಗಿರುತ್ತದೆ. ಆದ್ದರಿಂದ ಕೂದಲು ನೆಟ್ಟಗೆ ಮೇಲೇಳುವುದಿಲ್ಲ, ಓರೆಯಾಗಿ, ಚರ್ಮಕ್ಕೆ ಅಂಟಿಕೊಂಡಂತೆ ಹೊರಬಂದು ಕೆಳಕ್ಕೆ ಬಾಗುತ್ತದೆ. ಅದನ್ನು ಬ್ಲೇಡಿನಿಂದ ಕತ್ತರಿಸಿದಾಗ ತುದಿ ಮೊಂಡಾಗಿ ಉಳಿಯುವುದಿಲ್ಲ. ಓರೆಯಾಗಿ ಕಡಿದ ಕಬ್ಬಿನ ಕೂಳೆ ಬರಿಗಾಲಿನಲ್ಲಿ ಗದ್ದೆಗಿಳಿದವರ ಅಂಗಾಲಿಗೆ ಏನು ಮಾಡುತ್ತದೋ, ಈ ತುದಿ ಚರ್ಮಕ್ಕೆ ಅದನ್ನೇ ಮಾಡುತ್ತದೆ. ಎರಡು ಮೂರು ದಿನ ಬೆಳೆದು, ಬಾಗಿ, ತಾನು ಹೊರಬಂದ ರಂಧ್ರದಿಂದ ಒಂದೆರಡು ಮಿಲಿಮೀಟರ್ ದೂರದಲ್ಲಿ ಮತ್ತೆ ಒಳಗೆ ಇಳಿಯುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಗುಳ್ಳೆಯ ಮೇಲೆ ಕಪ್ಪು ದಾರದ ಕುಣಿಕೆಯಂತೆ ಅದು ಕಾಣುತ್ತದೆ. ಎರಡು ತುದಿಯೂ ಚರ್ಮದೊಳಗೆ.

ಎರಡನೆಯ ದಾರಿಗೆ ಕಾರಣ ನಮ್ಮ ನುಣುಪಿನ ಹಟ. ಚರ್ಮವನ್ನು ಎಳೆದು ಹಿಡಿದು ಕತ್ತರಿಸಿದರೆ, ಬೆರಳು ಬಿಟ್ಟ ಕೂಡಲೇ ಕೂದಲಿನ ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಸರಿಯುತ್ತದೆ. ಮೂರು, ನಾಲ್ಕು, ಐದು ಬ್ಲೇಡಿನ ರೇಜರುಗಳು ಮಾಡುವುದೂ ಇದನ್ನೇ. ಮೊದಲ ಬ್ಲೇಡು ಕೂದಲನ್ನು ಸ್ವಲ್ಪ ಎತ್ತಿ ಕತ್ತರಿಸುತ್ತದೆ, ಅದು ಮತ್ತೆ ಒಳಸರಿಯುವ ಮೊದಲೇ ಹಿಂದಿನ ಬ್ಲೇಡು ಬಂದು ಇನ್ನಷ್ಟು ಬುಡಕ್ಕೆ ಕತ್ತರಿಸುತ್ತದೆ. ‘ಅತಿ ನುಣುಪು’ ಎಂದು ಜಾಹೀರಾತು ಹೇಳುವುದು ಇದನ್ನೇ, ಸುಳ್ಳೇನೂ ಅಲ್ಲ. ಆದರೆ ಬಾಗಿದ ಬೇರಿನೊಳಗೆ ಅಡಗಿದ ಆ ಚೂಪು ತುದಿ ಬೆಳೆಯತೊಡಗಿದಾಗ ರಂಧ್ರದ ಬಾಯಿಯತ್ತ ಬರುವುದಿಲ್ಲ, ಪಕ್ಕದ ಗೋಡೆಯನ್ನೇ ತೂತು ಮಾಡಿಕೊಂಡು ಹೋಗುತ್ತದೆ. ಹೊರಗೆ ಕೂದಲೇ ಕಾಣದ, ಒತ್ತಿದರೆ ನೋಯುವ ಗಟ್ಟಿ ಗುಳ್ಳೆಗಳು ಸಾಮಾನ್ಯವಾಗಿ ಇವು.

ಗುಂಗುರು ಕೂದಲಿಗೆ ನುಣುಪು ಹೆಚ್ಚಾದಷ್ಟೂ ಗುಳ್ಳೆ ಹೆಚ್ಚು. ಗುಳ್ಳೆ ಬಂದವರು ಮಾಡುವುದು ಮಾತ್ರ ಇದಕ್ಕೆ ತಿರುವುಮುರುವು: ಇನ್ನೂ ಚೂಪಾದ ಬ್ಲೇಡು, ಇನ್ನೂ ದುಬಾರಿ ರೇಜರು, ಗುಳ್ಳೆಯ ಮೇಲೆ ಇನ್ನೂ ಎರಡು ಸಲ.

ಈ ತೊಂದರೆ ಅತಿ ಹೆಚ್ಚಾಗಿ ಕಾಣುವುದು ಆಫ್ರಿಕಾ ಮೂಲದ ಗಂಡಸರಲ್ಲಿ. ಅದಕ್ಕೇ ಇದರ ಬಗ್ಗೆ ಹೆಚ್ಚಿನ ತಿಳಿವಳಿಕೆ ಬಂದಿರುವುದು ಅಮೆರಿಕದಿಂದ, ಅದರಲ್ಲೂ ಅಲ್ಲಿನ ಸೇನೆಯಿಂದ. ಕೂದಲು ಒಳಹೋಗುವ ಈ ಬಗೆಯನ್ನು 1956ರಲ್ಲಿ ಜಾನ್ ಸ್ಟ್ರಾಸ್ ಮತ್ತು ಆಲ್ಬರ್ಟ್ ಕ್ಲಿಗ್‌ಮನ್ ಎಂಬ ಚರ್ಮವೈದ್ಯರು ವಿವರವಾಗಿ ಬರೆದರು. (ಈ ಕ್ಲಿಗ್‌ಮನ್ ಮುಂದೆ ಮೊಡವೆಗೆ ಟ್ರೆಟಿನಾಯಿನ್ ಮುಲಾಮು ತಂದು ಹೆಸರು ಮಾಡಿದವರು, ಫಿಲಡೆಲ್ಫಿಯಾದ ಜೈಲೊಂದರ ಕೈದಿಗಳ ಮೇಲೆ ಪ್ರಯೋಗ ನಡೆಸಿ ಹೆಸರು ಕೆಡಿಸಿಕೊಂಡವರೂ ಅವರೇ.) ಸೈನ್ಯದಲ್ಲಿ ಗಡ್ಡ ಬಿಡುವಂತಿಲ್ಲ. ವಿಷಾನಿಲದ ಮುಖವಾಡ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ ಎಂಬುದು ಒಂದು ಕಾರಣ, ಶಿಸ್ತು ಇನ್ನೊಂದು. ಕಪ್ಪು ಸೈನಿಕರು ದಿನಾ ಹೆರೆದು ಮುಖ ಕೆಡಿಸಿಕೊಳ್ಳಬೇಕು, ಇಲ್ಲವೇ ವೈದ್ಯರ ಚೀಟಿ ತಂದು ಕಾಲು ಇಂಚಿನೊಳಗೆ ಗಡ್ಡ ಬಿಡಲು ಅನುಮತಿ ಪಡೆಯಬೇಕು. ಚೀಟಿ ತಂದವರನ್ನು ಮೈಗಳ್ಳರಂತೆ ನೋಡುವುದೂ ಹಳೆಯ ಚಾಳಿ. 2025ರಲ್ಲಿ ಅಮೆರಿಕದ ಭೂಸೇನೆ ನಿಯಮವನ್ನು ಮತ್ತಷ್ಟು ಬಿಗಿ ಮಾಡಿ, ಶಾಶ್ವತ ವಿನಾಯಿತಿಯನ್ನೇ ತೆಗೆದುಹಾಕಿತು. ನಾಗರಿಕ ಬದುಕಿನಲ್ಲಿ ಕಾನೂನು ಬೇರೆ ದಿಕ್ಕಿಗೆ ಹೋದದ್ದುಂಟು. ನೆಬ್ರಾಸ್ಕಾದ ಒಮಾಹಾದಲ್ಲಿ ಗಡ್ಡ ಹೆರೆಯಲಾಗದ ಕಪ್ಪು ನೌಕರನನ್ನು ಪಿಜ್ಜಾ ಕಂಪನಿ ಕೆಲಸದಿಂದ ತೆಗೆದಾಗ ಮೊಕದ್ದಮೆ ನಡೆಯಿತು. ‘ಗಡ್ಡ ಕೂಡದು’ ಎಂಬ ನಿಯಮದ ಏಟು ಕಪ್ಪು ಜನರಿಗೇ ಬೀಳುತ್ತದೆ ಎಂದು ಮೇಲ್ಮನವಿ ನ್ಯಾಯಾಲಯ 1993ರಲ್ಲಿ ಒಪ್ಪಿಕೊಂಡಿತು.

ಹಾಗೆಂದು ಇದು ಮೈಬಣ್ಣದ ಕಾಯಿಲೆಯಲ್ಲ, ಸುರುಳಿಯ ಕಾಯಿಲೆ. ಕೂದಲಿನ ಬೇರನ್ನು ಸುತ್ತುವರಿದ ಪೊರೆಯ ಕೆರಾಟಿನ್ ವಂಶವಾಹಿಯಲ್ಲಿ ಒಂದು ಸಣ್ಣ ವ್ಯತ್ಯಾಸ ಇರುವವರಿಗೆ ಈ ತೊಂದರೆಯ ಸಾಧ್ಯತೆ ಸುಮಾರು ಆರು ಪಟ್ಟು ಹೆಚ್ಚು ಎಂದು 2004ರಲ್ಲಿ ಗೊತ್ತಾಯಿತು. ನಮ್ಮಲ್ಲಿ ತಲೆಗೂದಲು ಅಲೆಅಲೆಯಾಗಿದ್ದರೂ ಗಡ್ಡ ಮಾತ್ರ ಗುಂಗುರಾಗಿರುವವರು ಬಹಳ. ತಮ್ಮ ಗಡ್ಡ ಎಂಥದ್ದೆಂದು ದಿನಾ ಹೆರೆಯುವವರಿಗೆ ಗೊತ್ತೇ ಇರುವುದಿಲ್ಲ, ಅದನ್ನು ಅವರು ಬೆಳೆಯಲು ಬಿಟ್ಟಿರುವುದೇ ಇಲ್ಲ.

ಗೊತ್ತಾಗುವ ಸಂದರ್ಭ ಒಂದಿದೆ: ಅಯ್ಯಪ್ಪ ಮಾಲೆ. ನಾನು ಇಲ್ಲಿ ಹೇಳಲಿರುವ ಹುಡುಗನಿಗೆ ಅರ್ಥವಾದದ್ದೂ ಹಾಗೆಯೇ. ಹಾಸನದ ಕಡೆಯವನು, ವಯಸ್ಸು 27, ಬೆಂಗಳೂರಿನ ದೊಡ್ಡ ಹೋಟೆಲೊಂದರ ರಿಸೆಪ್ಷನ್‌ನಲ್ಲಿ ಕೆಲಸ. ಅಲ್ಲಿ ದಿನಾ ಕ್ಲೀನ್ ಶೇವ್ ಆಗಬೇಕು. ಐದು ಬ್ಲೇಡಿನ ರೇಜರಿನಲ್ಲಿ ಮೊದಲು ಕೆಳಮುಖ, ಆಮೇಲೆ ಉಲ್ಟಾ. ಕುತ್ತಿಗೆ ತುಂಬಾ ಗುಳ್ಳೆ, ದವಡೆಯ ಅಂಚಿಗೆ ಇದ್ದಿಲು ಬಳಿದಂಥ ಪಟ್ಟಿ. ಮಾಲೆ ಹಾಕಿ 41 ದಿನ ಬ್ಲೇಡು ಮುಟ್ಟದೆ ಇದ್ದಾಗ ಎಲ್ಲ ಗುಳ್ಳೆಯೂ ಹೋಯಿತು. ಶಬರಿಮಲೆಯಿಂದ ಬಂದು ಮಾಲೆ ತೆಗೆದು, ಮಾರನೆಯ ದಿನ ಮುಖ ಹೆರೆದು ಡ್ಯೂಟಿಗೆ ಹೋದ. ವಾರದೊಳಗೆ ಎಲ್ಲವೂ ವಾಪಸ್. ‘ಸ್ವಾಮಿ ವಾಸಿ ಮಾಡಿದ್ರು, ನಾನೇ ಕೆಡಿಸ್ಕೊಂಡೆ’ ಅಂದ. ಎರಡನೆಯ ಭಾಗವಂತೂ ಅಕ್ಷರಶಃ ನಿಜ.

ಆ 41 ದಿನಗಳಲ್ಲಿ ಆದದ್ದು ಇಷ್ಟು. ಗಡ್ಡದ ಕೂದಲು ದಿನಕ್ಕೆ ಸರಾಸರಿ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಬೆಳೆಯುತ್ತದೆ. ಚರ್ಮದೊಳಗೆ ಸಿಕ್ಕಿಕೊಂಡ ಕೂದಲೂ ಬೆಳೆಯುತ್ತಲೇ ಇರುತ್ತದೆ, ಕುಣಿಕೆ ದೊಡ್ಡದಾಗುತ್ತ ಹೋಗುತ್ತದೆ. ಉದ್ದ ಸುಮಾರು ಒಂದು ಸೆಂಟಿಮೀಟರ್ ಮುಟ್ಟಿದಾಗ ಆ ಕುಣಿಕೆಯ ಬಿಗುವಿಗೇ ಸಿಕ್ಕ ತುದಿ ಕಿತ್ತುಕೊಂಡು ಹೊರಬರುತ್ತದೆ. ಲೆಕ್ಕ ಹಾಕಿದರೆ ಇದಕ್ಕೆ ನಾಲ್ಕು ವಾರ ಬೇಕು. ಬ್ಲೇಡಿಗೆ ಕನಿಷ್ಠ ನಾಲ್ಕು ವಾರ ರಜೆ ಕೊಡಿ ಎಂದು ವೈದ್ಯರು ಹೇಳುವುದು ಈ ಲೆಕ್ಕದ ಮೇಲೆ. ಹತ್ತು ದಿನ ಬಿಟ್ಟು ‘ಏನೂ ಪ್ರಯೋಜನ ಆಗಲಿಲ್ಲ’ ಎಂದು ಮತ್ತೆ ಬ್ಲೇಡು ಹಿಡಿಯುವವರು ಅತಿ ಕೆಟ್ಟ ಗಳಿಗೆಯಲ್ಲಿ ಹಿಡಿದಿರುತ್ತಾರೆ. ಯಾಕೆಂದರೆ ಮೊದಲ ಒಂದೂವರೆ ವಾರ ಗುಳ್ಳೆ ಹೆಚ್ಚೇ ಆಗುತ್ತದೆ: ಕೊನೆಯ ಸಲ ಕತ್ತರಿಸಿದ ಚೂಪು ತುದಿಗಳೆಲ್ಲ ಬಾಗಿ ಒಳಗಿಳಿಯುವ ಹೊತ್ತು ಅದು.

ಮಾಲೆ ಹಾಕುವ ತಿಂಗಳಿಗೆ ಕಾಯದೆ ಈ ಹುಡುಗ ಏನು ಮಾಡಿದ ಎಂಬುದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಮೊದಲು ನಾಲ್ಕು ವಾರಗಳ ವಿನಾಯಿತಿಗೆ ಹೋಟೆಲಿನವರಿಗೆ ವೈದ್ಯರ ಪತ್ರ ಕೊಟ್ಟ. ಸ್ವಲ್ಪ ಗೊಣಗಿದರೂ ಒಪ್ಪಿ, ಅಷ್ಟು ದಿನ ಅವನನ್ನು ಒಳಗಿನ ರಿಸರ್ವೇಷನ್ ವಿಭಾಗಕ್ಕೆ ಹಾಕಿದರು. ದಿನಕ್ಕೆರಡು ಹೊತ್ತು, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಕುತ್ತಿಗೆಗೆ ಇಡುವುದು. ಇದರಿಂದ ಗುಳ್ಳೆಯ ಮೇಲಿನ ಹೊಪ್ಪಳೆ ಮೆತ್ತಗಾಗಿ ಕೂದಲಿಗೆ ದಾರಿ ಬಿಡುತ್ತದೆ. ರಾತ್ರಿ ಮಲಗುವ ಮೊದಲು ಮೆತ್ತನೆಯ ಬಟ್ಟೆಯಿಂದ ವೃತ್ತಾಕಾರದಲ್ಲಿ ಹಗುರವಾಗಿ ಉಜ್ಜುವುದು. ಸ್ಕ್ರಬ್ಬರ್ ಹಾಕಿ ತಿಕ್ಕುವುದಲ್ಲ. ಕುಣಿಕೆ ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ, ಸ್ಪಿರಿಟ್‌ನಲ್ಲಿ ಒರೆಸಿದ ಹೊಸ ಸೂಜಿಯನ್ನು ಅದರ ಅಡಿಗೆ ಅಡ್ಡಲಾಗಿ ತೂರಿಸಿ ತುದಿಯನ್ನು ಎತ್ತಿ ಬಿಡುವುದು.

ಇಲ್ಲಿ ಕೈ ತಡೆಯಬೇಕು. ಎತ್ತಿದ ಕೂದಲನ್ನು ಚಿಮುಟದಲ್ಲಿ ಕಿತ್ತುಬಿಡುವ ಆಸೆ ಬಲವಾಗಿರುತ್ತದೆ, ಕಿತ್ತಾಗ ಸಿಗುವ ಸಮಾಧಾನವೂ ದೊಡ್ಡದು. ಆದರೆ ಬುಡದಿಂದ ಕಿತ್ತ ಕೂದಲಿನ ಜಾಗದಲ್ಲಿ ಹುಟ್ಟುವ ಹೊಸ ಕೂದಲು ಚರ್ಮದ ಆಳದಿಂದ ಹೊರಡಬೇಕು, ಬಾಗಿದ ಅದೇ ಹಾದಿಯಲ್ಲಿ. ಗೋಡೆ ತೂತು ಮಾಡುವ ಸಾಧ್ಯತೆ ಮೊದಲಿಗಿಂತ ಹೆಚ್ಚು. ಕೂದಲು ಕಾಣದ ಗುಳ್ಳೆಯನ್ನು ಸೂಜಿಯಿಂದ ಕೆದಕುವುದಂತೂ ಕಲೆಯನ್ನು ಕೈಯಾರೆ ಬರೆದುಕೊಂಡಂತೆ. ಮೈಯಲ್ಲಿ ಗಾಯವಾದರೆ ಉಬ್ಬಿದ ಗುರುತು ಉಳಿಯುವವರು, ಅಂದರೆ ಕೀಲಾಯ್ಡ್ ಪ್ರವೃತ್ತಿಯವರು, ಹಿಸುಕುವುದನ್ನೂ ಕೆದಕುವುದನ್ನೂ ಪೂರ್ತಿ ಬಿಡಬೇಕು. ದವಡೆಯ ಮೇಲೆ ಎದ್ದ ಕೀಲಾಯ್ಡ್ ಇಳಿಸುವುದು ಗುಳ್ಳೆ ಇಳಿಸಿದಷ್ಟು ಸುಲಭವಲ್ಲ.

ಕೀವು ತುಂಬಿದ ಕೆಲವು ಗುಳ್ಳೆಗಳಿಗೆ ಬೆಂಜಾಯ್ಲ್ ಪೆರಾಕ್ಸೈಡ್ ಮತ್ತು ಕ್ಲಿಂಡಾಮೈಸಿನ್ ಬೆರೆತ ಜೆಲ್ ಬರೆದುಕೊಟ್ಟೆವು. (ದಿಂಬಿನ ಕವರು, ಟವೆಲ್ಲಿನ ಬಣ್ಣ ಇದರಿಂದ ಬಿಳಿಚಿಕೊಳ್ಳುತ್ತದೆ, ಹಳೆಯದನ್ನೇ ಬಳಸಿ.) ಮೂರನೆಯ ವಾರದಿಂದ ಒಂದು ದಿನ ಬಿಟ್ಟು ಒಂದು ರಾತ್ರಿ, ಕಡಲೆಕಾಳಿನಷ್ಟು ಅಡಾಪಲೀನ್ ಜೆಲ್ ಶುರುವಾಯಿತು. ರಂಧ್ರದ ಬಾಯಿಗೆ ಕಟ್ಟಿಕೊಳ್ಳುವ ಸತ್ತ ಚರ್ಮದ ಪದರವನ್ನು ಇದು ತೆಳುವಾಗಿಸುತ್ತದೆ, ತುದಿ ಅಲ್ಲಿ ಸಿಕ್ಕಿಹಾಕಿಕೊಳ್ಳುವುದು ತಪ್ಪುತ್ತದೆ. ಮೊದಮೊದಲು ಒಣಗುತ್ತದೆ, ಸಿಪ್ಪೆ ಏಳುತ್ತದೆ. ಗುಣ ಕಾಣಲು ಆರರಿಂದ ಎಂಟು ವಾರ ಹಿಡಿಯುತ್ತದೆ.

ಅವನು ನಮ್ಮಲ್ಲಿಗೆ ಬರುವ ಮೊದಲು ಹಚ್ಚುತ್ತಿದ್ದದ್ದು ಬೇರೆ ಕ್ರೀಮು. ಕಲೆ ಹೋಗಲೆಂದು ಮೆಡಿಕಲ್ ಶಾಪಿನಲ್ಲಿ ಕೇಳಿದಾಗ ಕೊಟ್ಟದ್ದು, ಸ್ಟೀರಾಯ್ಡ್ ಬೆರೆತದ್ದು. ಇದು ನಮ್ಮ ದೇಶದ ದೊಡ್ಡ ಪೀಡೆ. ಸ್ಟೀರಾಯ್ಡು ಊತವನ್ನು ಅಡಗಿಸುತ್ತದೆ, ಒಂದು ವಾರದಲ್ಲಿ ಮುಖ ಬೆಳ್ಳಗಾದಂತೆಯೂ ಕಾಣುತ್ತದೆ. ಕೂದಲು ಮಾತ್ರ ಒಳಗೆ ಇದ್ದಲ್ಲೇ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರಗಳು ಮೂಡುತ್ತವೆ, ಬಿಟ್ಟ ಕೂಡಲೇ ಮುಖವೆಲ್ಲ ಉರಿದು ಗುಳ್ಳೆ ದುಪ್ಪಟ್ಟಾಗುತ್ತದೆ. ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಊತ ಬಹಳ ಇದ್ದಾಗ ವೈದ್ಯರೇ ಕೆಲವು ದಿನಕ್ಕೆ ಮೃದುವಾದ ಹೈಡ್ರೋಕಾರ್ಟಿಸೋನ್ ಕೊಡುವುದುಂಟು, ಅದು ಬೇರೆ ಮಾತು.

ಸ್ಟೀರಾಯ್ಡ್ ಇನ್ನೂ ಅಪಾಯವಾಗುವುದು ರೋಗವೇ ಬೇರೆಯಾಗಿದ್ದಾಗ. ಆದ್ದರಿಂದ ಗುರುತು ಹಿಡಿಯುವುದು ಹೇಗೆಂದು ನೋಡಿಕೊಳ್ಳಿ. ಕೂದಲು ಒಳಹೋದ ಗುಳ್ಳೆಗಳು ಕುತ್ತಿಗೆ, ದವಡೆಯ ಕೆಳಭಾಗ, ಗಲ್ಲದ ಅಡಿ, ಕೆನ್ನೆಗಳಲ್ಲಿ ಇರುತ್ತವೆ. ದಿನಾ ಹೆರೆದರೂ ಮೀಸೆಯ ಜಾಗ ಸಾಮಾನ್ಯವಾಗಿ ಪಾರಾಗಿರುತ್ತದೆ. ಹೆರೆಯುವುದು ನಿಲ್ಲಿಸಿ ತಿಂಗಳಾದರೆ ಕಡಿಮೆಯಾಗುತ್ತವೆ. ಮೀಸೆಯಲ್ಲೂ ಮೂಗಿನ ಹೊಳ್ಳೆಯ ಸುತ್ತಲೂ ಹಳದಿ ಕೀವಿನ ಗುಳ್ಳೆಗಳಿದ್ದರೆ ಬ್ಯಾಕ್ಟೀರಿಯಾ ಸೋಂಕಿನ ಅನುಮಾನ. ಗಡ್ಡದೊಳಗೆ ದುಂಡಗೆ ಹರಡುವ, ಅಂಚಿನಲ್ಲಿ ಹುರುಪೆ ಏಳುವ, ಕೂದಲು ಎಳೆದರೆ ನೋವಿಲ್ಲದೆ ಕೈಗೆ ಬರುವ ಮಚ್ಚೆಯಾದರೆ ಅದು ಹುಳುಕಡ್ಡಿ, ಅಂದರೆ ಶಿಲೀಂಧ್ರ. ಅದಕ್ಕೆ ಸ್ಟೀರಾಯ್ಡ್ ಹಚ್ಚಿದರೆ ಗೊಬ್ಬರ ಹಾಕಿದ ಹಾಗೆ.

ಸರಿ, ನಾಲ್ಕು ವಾರ ಮುಗಿದವು, ಗುಳ್ಳೆ ಇಳಿದವು. ಮುಂದೇನು? ಗಡ್ಡ ಬಿಡಲು ಆಗುವವರು ಬಿಟ್ಟುಬಿಡಿ. ಅದಕ್ಕಿಂತ ಖಚಿತವಾದ ಮದ್ದು ಇನ್ನೊಂದಿಲ್ಲ. ಆಗದವರಿಗೆ ನನ್ನ ಮೊದಲ ಸಲಹೆ ಟ್ರಿಮ್ಮರ್. ಒಂದು ಮಿಲಿಮೀಟರ್ ಬಾಚಣಿಗೆ ಸಿಕ್ಕಿಸಿ, ಚರ್ಮ ಎಳೆಯದೆ, ಒತ್ತದೆ, ದಿನಾ ಅಥವಾ ದಿನ ಬಿಟ್ಟು ದಿನ ಓಡಿಸುವುದು. ಒಂದು ಮಿಲಿಮೀಟರ್ ಉಳಿದ ಕೂದಲು ರಂಧ್ರದೊಳಗೆ ಸರಿಯಲಾರದು, ಹಾಗಾಗಿ ಎರಡನೆಯ ದಾರಿ ಮುಚ್ಚಿತು. ದಿನಾ ಓಡಿಸುತ್ತಿದ್ದರೆ ಬಾಗಿ ಒಳಗಿಳಿಯುವಷ್ಟು ಉದ್ದ ಬೆಳೆಯಲು ಬಿಡುವುದೂ ಇಲ್ಲ, ಮೊದಲ ದಾರಿಯೂ ಬಹುಪಾಲು ಮುಚ್ಚಿತು. ‘ಝೀರೋ’ ಹಾಕಿದರೆ ಮಾತ್ರ ಈ ಲಾಭ ಕೈತಪ್ಪುತ್ತದೆ. ಬಾಚಣಿಗೆ ತೆಗೆದು ಚರ್ಮಕ್ಕೆ ಒತ್ತಿ ಓಡಿಸಿದ ಟ್ರಿಮ್ಮರಿಗೂ ಬ್ಲೇಡಿಗೂ ದೊಡ್ಡ ಅಂತರ ಉಳಿಯುವುದಿಲ್ಲ. ಮೂರಡಿ ದೂರದಿಂದ ನೋಡಿದವರಿಗೆ ಒಂದು ಮಿಲಿಮೀಟರ್ ಗಡ್ಡ ಬೆಳಿಗ್ಗೆ ಹೆರೆದು ಸಂಜೆಯಾದ ಮುಖದಂತೆ ಕಾಣುತ್ತದೆ, ಅಷ್ಟೇ.

ನಮ್ಮ ಹುಡುಗನ ಹೋಟೆಲಿಗೆ ಅಷ್ಟೂ ಸಾಲಲಿಲ್ಲ. ಹಾಗಾಗಿ ವಾರದಲ್ಲಿ ಎದುರಿನ ಡ್ಯೂಟಿ ಇದ್ದ ದಿನ ಬ್ಲೇಡು, ಉಳಿದ ದಿನ ಟ್ರಿಮ್ಮರ್ ಎಂದು ರಾಜಿಯಾಯಿತು. ಬ್ಲೇಡು ಹಿಡಿಯುವ ಮೊದಲು ಅವನಿಂದ ಒಂದು ಚಿತ್ರ ಬರೆಸಿದೆವು. ಎರಡು ಮೂರು ದಿನದ ಗಡ್ಡ ಇರುವಾಗ ಬೆರಳ ತುದಿಯಿಂದ ನಾಲ್ಕೂ ದಿಕ್ಕಿಗೆ ಸವರಿ ನೋಡಬೇಕು. ನುಣುಪಾಗಿ ಜಾರುವ ದಿಕ್ಕು ಕೂದಲು ಬೆಳೆದ ದಿಕ್ಕು, ಗರಗರ ಎನ್ನುವುದು ಎದುರು ದಿಕ್ಕು. ಕೆನ್ನೆಯಲ್ಲಿ ಎಲ್ಲರಿಗೂ ಹೆಚ್ಚುಕಡಿಮೆ ಕೆಳಮುಖವೇ. ಕುತ್ತಿಗೆಯಲ್ಲಿ ಹಾಗಲ್ಲ. ಇವನಿಗೆ ಗಂಟಲಮಣಿಯ ಬಲಗಡೆ ಕೂದಲು ಮೇಲ್ಮುಖವಾಗಿ, ಎಡಗಡೆ ಕಿವಿಯತ್ತ ಅಡ್ಡಲಾಗಿ ಬೆಳೆದಿತ್ತು. ಎಡ ದವಡೆಯ ಮೂಲೆಯಲ್ಲಿ ನೆತ್ತಿಯ ಸುಳಿಯಂಥದ್ದೇ ಒಂದು ಸುಳಿ. ಅತಿ ಕೆಟ್ಟ ಗುಳ್ಳೆಗಳೆಲ್ಲ ಆ ಸುಳಿಯ ಸುತ್ತಲೇ. ‘ಮೇಲಿಂದ ಕೆಳಗೆ ಎಳೆದರೆ ಸರಿ’ ಎಂದು ಅಪ್ಪ ಕಲಿಸಿಕೊಟ್ಟದ್ದನ್ನು ಅವನು ಕುತ್ತಿಗೆಗೂ ಪಾಲಿಸಿದ್ದ. ಬಲಗಡೆ ಅದು ಪೂರ್ತಿ ಉಲ್ಟಾ ಆಗುತ್ತಿತ್ತು. ಕಾಗದದ ಮೇಲೆ ಬಾಣಗಳನ್ನು ಹಾಕಿ ಬಚ್ಚಲಿನ ಕನ್ನಡಿಗೆ ಅಂಟಿಸಿಕೊಂಡ.

ಶೇವಿಂಗು ಸ್ನಾನದ ಕೊನೆಗೆ. ಬಿಸಿನೀರು ಕುಡಿದ ಕೂದಲು ಉಬ್ಬಿ ಮೆತ್ತಗಾಗುತ್ತದೆ, ಕಡಿಮೆ ಬಲಕ್ಕೇ ತುಂಡಾಗುತ್ತದೆ, ತುದಿಯೂ ಅಷ್ಟು ಚೂಪಾಗುವುದಿಲ್ಲ. ಒಣ ಕೂದಲನ್ನು ಅವಸರದಲ್ಲಿ ಹೆರೆದಾಗ ಆಗುವ ಹಾನಿಯೇ ಹೆಚ್ಚು. ಶೇವಿಂಗ್ ಜೆಲ್ಲನ್ನು ಹಚ್ಚಿದ ಕೂಡಲೇ ಶುರು ಮಾಡದೆ ಮೂರು ನಾಲ್ಕು ನಿಮಿಷ ಬಿಡಬೇಕು, ಆ ಹೊತ್ತಿನಲ್ಲಿ ಹಲ್ಲುಜ್ಜಿಕೊಳ್ಳಬಹುದು. ರೇಜರು ಒಂದೇ ಬ್ಲೇಡಿನದು; ನಮ್ಮ ಅಜ್ಜಂದಿರು ಬಳಸುತ್ತಿದ್ದ, ಎರಡು ಅಂಚಿನ ಬ್ಲೇಡನ್ನು ಮಧ್ಯೆ ಇಟ್ಟು ತಿರುಪು ಬಿಗಿಯುವ ಸೇಫ್ಟಿ ರೇಜರ್ ಸಾಕು. ಬಾಣದ ದಿಕ್ಕಿಗೆ, ಚಿಕ್ಕ ಚಿಕ್ಕ ಎಳೆತ, ಪ್ರತಿ ಎಳೆತಕ್ಕೂ ತೊಳೆಯುತ್ತ. ಒಂದು ಜಾಗದ ಮೇಲೆ ಎರಡು ಸಲಕ್ಕಿಂತ ಹೆಚ್ಚಿಲ್ಲ. ಎಡಗೈ ಮುಖದ ಹತ್ತಿರ ಬರಲೇಬಾರದು. ಚರ್ಮ ಎಳೆಯುವುದು ಎಷ್ಟು ಅಭ್ಯಾಸವಾಗಿರುತ್ತದೆಂದರೆ ಇವನು ಮೊದಲ ವಾರ ಎಡಗೈಯಲ್ಲಿ ಟವೆಲ್ ಹಿಡಿದು ನಿಲ್ಲುತ್ತಿದ್ದ. ಸುಳಿಯ ಮೇಲೆ ಬ್ಲೇಡೇ ಇಲ್ಲ, ಆ ಎರಡು ಬೆರಳಗಲದ ಜಾಗಕ್ಕೆ ಟ್ರಿಮ್ಮರ್ ಮಾತ್ರ. ನಾಲ್ಕು ಶೇವಿಂಗಿಗೆ ಒಂದು ಬ್ಲೇಡು; ಮೊಂಡಾದ ಬ್ಲೇಡು ಕೂದಲನ್ನು ಕತ್ತರಿಸುವ ಮೊದಲು ಎಳೆಯುತ್ತದೆ, ಎಳೆದ ಕೂದಲು ಒಳಗೆ ಸರಿಯುತ್ತದೆ.

ಮುಗಿದ ಮೇಲೆ ತಣ್ಣೀರಿನ ಬಟ್ಟೆ, ಸುವಾಸನೆ ಇಲ್ಲದ ಮಾಯಿಶ್ಚರೈಸರ್. ಪಟಿಕ ಉಜ್ಜುವುದು ನಮ್ಮಲ್ಲಿ ಹಳೆಯ ರೂಢಿ. ಬ್ಲೇಡು ತಾಗಿ ರಕ್ತ ಜಿನುಗಿದರೆ ಅದು ನಿಲ್ಲಿಸುತ್ತದೆ ನಿಜ, ಆದರೆ ಕೂದಲು ಒಳಹೋಗುವುದನ್ನು ತಡೆಯುವ ಗುಣ ಅದಕ್ಕಿಲ್ಲ, ಚರ್ಮ ಒಣಗಿ ಬಿಗಿಯುವುದೇ ಹೆಚ್ಚು. ಸ್ಪಿರಿಟ್ ಬೆರೆತ ಆಫ್ಟರ್ ಶೇವ್‌ನ ‘ಚುರ್’ ಕೂಡ ಅಷ್ಟೇ. ಉರಿದರೆ ಕ್ರಿಮಿ ಸತ್ತಿತು ಎಂಬ ನಂಬಿಕೆ ಎಲ್ಲಿಂದ ಬಂತೋ.

ದಿನಾ ಹೆರೆಯಬೇಕೋ, ಬಿಟ್ಟು ಬಿಟ್ಟು ಹೆರೆಯಬೇಕೋ ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಹಳೆಯ ಸಲಹೆ ಆದಷ್ಟು ಕಡಿಮೆ ಹೆರೆಯಿರಿ ಎಂದು. ಈಚಿನ ಅಧ್ಯಯನಗಳಲ್ಲಿ, ಸರಿಯಾಗಿ ನೆನೆಸಿ ದಿನಾ ಹೆರೆದವರಿಗೆ ಗುಳ್ಳೆ ಹೆಚ್ಚಾಗಿದ್ದು ಕಂಡಿಲ್ಲ. ನನ್ನ ಅನುಭವದಲ್ಲಿ ಅತಿ ಕೆಟ್ಟದ್ದು ನಡುವಿನ ದಾರಿ: ಸೋಮವಾರ ನುಣ್ಣಗೆ ಉಲ್ಟಾ ಹೊಡೆಸಿಕೊಂಡು ಶುಕ್ರವಾರದವರೆಗೆ ಮುಟ್ಟದೆ ಇರುವುದು. ಒಂದು ಒಂದೂವರೆ ಮಿಲಿಮೀಟರಿನ ಚೂಪು ತುದಿ ಬಾಗಿ ಇಳಿಯಲು ಬೇಕಾದಷ್ಟೇ ಸಮಯ ಅದು.

ಇಷ್ಟಾದರೂ ಆಗದವರಿಗೆ ಇನ್ನೆರಡು ಹಾದಿಗಳಿವೆ. ಕೂದಲು ಕರಗಿಸುವ ಕ್ರೀಮುಗಳು ಕೂದಲನ್ನು ಕತ್ತರಿಸದೆ ಕರಗಿಸುವುದರಿಂದ ತುದಿ ಮೊಂಡಾಗಿರುತ್ತದೆ; ಅಮೆರಿಕದ ಕಪ್ಪು ಗಂಡಸರಲ್ಲಿ ಗಡ್ಡಕ್ಕೆಂದೇ ಮಾಡಿದ ಇಂಥ ಪುಡಿಗಳ ಬಳಕೆ ಹಳೆಯದು. ಗಬ್ಬು ವಾಸನೆ, ಒಂದೆರಡು ನಿಮಿಷ ಹೆಚ್ಚಾದರೆ ಸುಟ್ಟ ಗಾಯ. ನಮ್ಮ ಅಂಗಡಿಗಳಲ್ಲಿ ಸಿಗುವುದು ಬಹುಪಾಲು ಕೈಕಾಲಿನದು, ಡಬ್ಬಿಯ ಮೇಲೆ ಮುಖಕ್ಕೆ ಎಂದು ಬರೆದಿರದಿದ್ದರೆ ಮುಖಕ್ಕೆ ಹಚ್ಚಬೇಡಿ.

ಇನ್ನೊಂದು ಲೇಸರ್. ಕೂದಲಿನ ಕಪ್ಪು ಬಣ್ಣ ಬೆಳಕನ್ನು ಹೀರಿಕೊಂಡು ಬೇರು ಸುಡುತ್ತದೆ ಎಂಬುದು ಅದರ ತತ್ವ. ನಮ್ಮ ಚರ್ಮದಲ್ಲೂ ಅದೇ ಬಣ್ಣ ಇರುವುದರಿಂದ ಯಂತ್ರ ಯಾವುದೆಂಬುದು ಮುಖ್ಯ. 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಚರ್ಮದ ಮೇಲ್ಪದರವನ್ನು ಹೆಚ್ಚಾಗಿ ಕಾಡದೆ ಆಳಕ್ಕಿಳಿಯುತ್ತದೆ, ಕಪ್ಪು ಚರ್ಮಕ್ಕೆ ಅದೇ ಹೆಚ್ಚು ಸುರಕ್ಷಿತ. ನಾಲ್ಕರಿಂದ ಆರು ವಾರಕ್ಕೊಮ್ಮೆ, ಐದಾರು ಸಲವಾದರೂ ಹೋಗಬೇಕು. ಗಡ್ಡ ಪೂರ್ತಿ ಹೋಗುವುದಿಲ್ಲ, ತೆಳ್ಳಗಾಗುತ್ತದೆ, ಕೂದಲೂ ಸಪೂರವಾಗುತ್ತದೆ. ಗುಳ್ಳೆ ನಿಲ್ಲಲು ಅಷ್ಟು ಸಾಕು. ಬಿಳಿ ಕೂದಲಿಗೆ ಇದು ನಾಟುವುದಿಲ್ಲ. ಪಾರ್ಲರಿನಲ್ಲಿ ರಿಯಾಯಿತಿ ದರಕ್ಕೆ ಸಿಗುತ್ತದೆಂದು ಹೋಗುವವರು ಯಂತ್ರದ ಹೆಸರು ಕೇಳಿ, ಉತ್ತರ ಬರದಿದ್ದರೆ ಎದ್ದು ಬನ್ನಿ. ಹತ್ತು ವರ್ಷ ಬಿಟ್ಟು ದಟ್ಟ ಗಡ್ಡ ಬಿಡಬೇಕೆನಿಸಿದರೆ ಬರುವುದಿಲ್ಲ ಎಂಬುದನ್ನೂ ಮೊದಲೇ ಯೋಚಿಸಬೇಕು. ಈ ಹುಡುಗ ಯೋಚಿಸಿ ಬೇಡವೆಂದ. ಮದುವೆಯಾದ ಮೇಲೆ ಗಡ್ಡ ಬಿಡುವ ಆಸೆ ಇದೆಯಂತೆ. ಕುತ್ತಿಗೆಯಲ್ಲಿ ಈಗಲೂ ತಿಂಗಳಿಗೆ ಒಂದೆರಡು ಗುಳ್ಳೆ ಏಳುತ್ತವೆ. ದವಡೆಯ ಕಪ್ಪು ಪಟ್ಟಿ ಮಾಸಲು ಹೆಚ್ಚು ದಿನ ಬೇಕಾಯಿತು. ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚಿಕೊಂಡೂ ಆರು ತಿಂಗಳ ಮೇಲೆಯೇ ಹಿಡಿಯಿತು.

ಸಲೂನಿಗೆ ಹೋಗುವವರು ಕೂರುವ ಮೊದಲೇ ಹೇಳಿಬಿಡಿ: ‘ಬ್ಲೇಡ್ ಬೇಡ, ಮೆಷಿನ್‌ನಲ್ಲಿ ಒಂದು ನಂಬರ್ ಇಟ್ಟು ಹೊಡೀರಿ, ಚರ್ಮ ಎಳೀಬೇಡಿ.’ ಮೆಷಿನ್‌ಗಳ ನಂಬರು ಒಂದೊಂದು ಕಂಪನಿಗೆ ಒಂದೊಂದು ತರ. ಒಂದನೆಯ ನಂಬರ್ ಕೆಲವದರಲ್ಲಿ ಮೂರು ಮಿಲಿಮೀಟರ್, ಅದಾದರೂ ಪರವಾಗಿಲ್ಲ. ಬ್ಲೇಡೇ ಆಗಬೇಕೆಂದರೆ ಉಸ್ತರೆಗೆ ನಿಮ್ಮ ಕಣ್ಣೆದುರೇ ಹೊಸ ಅರ್ಧ ಬ್ಲೇಡು ಮುರಿದು ಹಾಕಲಿ. ತಲೆ ಕಟಿಂಗ್ ಮುಗಿದ ಮೇಲೆ ಹಿಂಗತ್ತಿನಲ್ಲಿ ಗೆರೆ ಹೊಡೆಯಲು ಅದೇ ಉಸ್ತರೆ ತರುತ್ತಾರಲ್ಲ, ಅದನ್ನೂ ಬೇಡವೆನ್ನಿ. ಹಿಂಗತ್ತಿನಲ್ಲಿ ಕೂದಲಂಚಿಗೆ ಗಟ್ಟಿ ಗುಳ್ಳೆಗಳು ಸಾಲಾಗಿ ಎದ್ದು ಮೆಲ್ಲಗೆ ಸೇರಿಕೊಳ್ಳುತ್ತಿದ್ದರೆ ಅದು ಗಡ್ಡದ ಗುಳ್ಳೆಯ ಜಾತಿಯದಲ್ಲ. ಅದು ಆ್ಯಕ್ನೆ ಕೀಲಾಯ್ಡಾಲಿಸ್ ಎಂಬ ಬೇರೆಯೇ ಕಾಯಿಲೆ, ಬಿಟ್ಟರೆ ಅಲ್ಲಿ ಕೂದಲು ಶಾಶ್ವತವಾಗಿ ಹೋಗಿ ಗಂಟಿನಂಥ ಕಲೆ ನಿಲ್ಲುತ್ತದೆ. ಮೊದಲ ನಾಲ್ಕೈದು ಗುಳ್ಳೆ ಇರುವಾಗಲೇ ಚರ್ಮದ ವೈದ್ಯರಿಗೆ ತೋರಿಸಬೇಕು. ಆಗಾದರೆ ಮುಲಾಮು, ಮಾತ್ರೆಗಳಲ್ಲೇ ತಡೆಯುವುದು ಸಾಧ್ಯ.